ಯೂನಿವರ್ಸಿಟಿಗೆ ಮಾನ್ಯತೆ ಇದೆಯಾ ಅಂತ ಕೇಳಬೇಡಿ, ನಿಮ್ಮ ಬ್ಯಾಚ್‌ಗೆ ಇದೆಯಾ ಅಂತ ಕೇಳಿ

ಜುಲೈ ಮತ್ತು ಜನವರಿ ಹತ್ತಿರ ಬಂತೆಂದರೆ ನನಗೆ ಬರುವ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ತಪ್ಪದೇ ಇರುತ್ತದೆ: "ಸರ್, ಈ ಯೂನಿವರ್ಸಿಟಿ ರೆಕಗ್ನೈಸ್ಡ್ ಹೌದಾ?" ದೂರಶಿಕ್ಷಣದ ಪ್ರವೇಶಗಳು ನಡೆಯುವುದು ಈ ಎರಡು ಹೊತ್ತಿನಲ್ಲಿ. ಕೇಳುವವರು ಕೆಲಸಕ್ಕೆ ಹೋಗುತ್ತಾ ಡಿಗ್ರಿ ಮುಗಿಸಬೇಕು ಅಂದುಕೊಂಡವರು, ಕೆಪಿಎಸ್‌ಸಿಗೋ ಕೆ-ಸೆಟ್‌ಗೋ ತಯಾರಿ ನಡೆಸುತ್ತಿರುವವರು, ಮನೆಯ ಪರಿಸ್ಥಿತಿಯಿಂದ ಕಾಲೇಜು ಬಿಟ್ಟವರು. ಕಟ್ಟುವ ಫೀಸು ದೊಡ್ಡದಲ್ಲದೆ ಇರಬಹುದು. ಆದರೆ ಅದರ ಜೊತೆ ಹೋಗುವ ಎರಡು ಮೂರು ವರ್ಷ ಅವರಿಗೆ ಬಹಳ ದೊಡ್ಡದು.

ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಅಂತ ಉತ್ತರ ಕೊಟ್ಟರೆ ಎರಡೂ ದಾರಿ ತಪ್ಪಿಸುತ್ತವೆ. ದೂರಶಿಕ್ಷಣದಲ್ಲಿ ಮಾನ್ಯತೆ ಸಿಗುವುದು ಇಡೀ ವಿಶ್ವವಿದ್ಯಾಲಯಕ್ಕಲ್ಲ. ಯಾವ ವಿವಿ, ಯಾವ ಕೋರ್ಸ್, ಯಾವ ವಿಧಾನ, ಯಾವ ಸೆಷನ್ ಎಂಬ ನಾಲ್ಕೂ ಕೂಡಿದ ಒಂದು ಜೋಡಣೆಗೆ ಅದು ಸಿಗುತ್ತದೆ. ನಾನು ಎಂಜಿನಿಯರಿಂಗ್ ಓದಿದವನಾದ್ದರಿಂದ ನನಗೆ ಇದು ನಾಲ್ಕು ಕಾಲಂ ಇರುವ ಟೇಬಲ್‌ನಂತೆ ಕಾಣುತ್ತದೆ. ಒಂದು ಕಾಲಂ ಬದಲಾದರೂ ಅದು ಬೇರೆಯದೇ ಸಾಲು. ಪಕ್ಕದ ಸಾಲಿಗೆ ಮಾನ್ಯತೆ ಇದೆ ಅನ್ನುವುದರಿಂದ ನಿಮ್ಮ ಸಾಲಿಗೆ ಏನೂ ಪ್ರಯೋಜನ ಇಲ್ಲ.

ಇದು ಎಷ್ಟು ಗಂಭೀರ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಮೈಸೂರಿನಲ್ಲೇ ಉದಾಹರಣೆ ಇದೆ.

ಮುಕ್ತ ವಿವಿಯಲ್ಲಿ ಆಗಿದ್ದೇನು?

ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಕೆಎಸ್‌ಒಯು, ವಿಧಾನಮಂಡಲ ಪಾಸು ಮಾಡಿದ ಕಾಯ್ದೆಯಿಂದ ಹುಟ್ಟಿದ್ದು. 1996ರಲ್ಲಿ ಕೆಲಸ ಶುರು ಮಾಡಿತು. ಅದಕ್ಕೂ ಮೊದಲು ಮೈಸೂರು ವಿವಿಯ ಅಂಚೆ ತೆರಪಿನ ಶಿಕ್ಷಣವಾಗಿ ನಡೆಯುತ್ತಿದ್ದ ವ್ಯವಸ್ಥೆಯೇ ಅದರ ಬೇರು. ಇದನ್ನು ಯಾರೂ ನಕಲಿ ವಿವಿ ಅನ್ನಲು ಸಾಧ್ಯವಿಲ್ಲ. ಸರ್ಕಾರದ್ದು, ರಾಜ್ಯಪಾಲರೇ ಕುಲಾಧಿಪತಿ, ಘಟಿಕೋತ್ಸವ ನಡೆಯುತ್ತದೆ.

ಆದರೆ ದೂರಶಿಕ್ಷಣ ಕೊಡುವುದಕ್ಕೆ ಕಾಯ್ದೆಯಿಂದ ಹುಟ್ಟಿದರಷ್ಟೇ ಸಾಲದು, ಪ್ರತ್ಯೇಕ ಒಪ್ಪಿಗೆ ಬೇಕು. 2013ರವರೆಗೆ ಆ ಒಪ್ಪಿಗೆ ಕೊಡುತ್ತಿದ್ದದ್ದು ಇಗ್ನೋ ಅಡಿಯಲ್ಲಿದ್ದ ದೂರಶಿಕ್ಷಣ ಮಂಡಳಿ. ಆ ವರ್ಷ ಮಂಡಳಿಯನ್ನು ವಿಸರ್ಜಿಸಿ ಅಧಿಕಾರವನ್ನು ಯುಜಿಸಿಗೆ ಕೊಡಲಾಯಿತು. ಯುಜಿಸಿಯೊಳಗೆ ಇದನ್ನು ನೋಡಿಕೊಳ್ಳುವ ವಿಭಾಗವೇ ಡಿಸ್ಟೆನ್ಸ್ ಎಜುಕೇಷನ್ ಬ್ಯೂರೋ, ಚಿಕ್ಕದಾಗಿ ಡಿಇಬಿ.

ಕೆಎಸ್‌ಒಯು ಆ ಕಾಲಕ್ಕೆ ರಾಜ್ಯದ ಗಡಿ ದಾಟಿ, ಖಾಸಗಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು, ದೇಶದ ಬೇರೆ ಕಡೆಗಳಲ್ಲೂ ಕೋರ್ಸ್‌ಗಳನ್ನು ನಡೆಸುತ್ತಿತ್ತು. ರಾಜ್ಯದ ವಿವಿಯೊಂದು ತನ್ನ ವ್ಯಾಪ್ತಿಯ ಹೊರಗೆ ಹೀಗೆ ನಡೆಸುವಂತಿಲ್ಲ ಅನ್ನುವುದು ಯುಜಿಸಿ ನಿಲುವು. 2015ರ ಜೂನ್‌ನಲ್ಲಿ ಯುಜಿಸಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ, ಕೆಎಸ್‌ಒಯುಗೆ ಮಾನ್ಯತೆ ಇದ್ದದ್ದು 2012-13ನೇ ಸಾಲಿನವರೆಗೆ ಮಾತ್ರ ಎಂದಿತು.

ಇಲ್ಲಿ ತಾರೀಕುಗಳನ್ನು ಗಮನಿಸಿ. ಈ ಪ್ರಕಟಣೆ ಬರುವ ಹೊತ್ತಿಗೆ 2013-14 ಮತ್ತು 2014-15ರ ಪ್ರವೇಶಗಳು ಮುಗಿದುಹೋಗಿದ್ದವು. ಆ ವಿದ್ಯಾರ್ಥಿಗಳು ಫೀಸು ಕಟ್ಟಿದ್ದರು, ಪರೀಕ್ಷೆಗೆ ಓದುತ್ತಿದ್ದರು. ಕೊನೆಗೆ ಧರಣಿ ಕೂತರು, ಕೋರ್ಟ್ ಮೆಟ್ಟಿಲು ಹತ್ತಿದರು. ವಿವಿಗೆ ಮತ್ತೆ ಮಾನ್ಯತೆ ಸಿಕ್ಕಿದ್ದು 2018ರ ಆಗಸ್ಟ್‌ನಲ್ಲಿ, 2018-19ರ ಪ್ರವೇಶಗಳಿಂದ ಅನ್ವಯಿಸುವಂತೆ. ಅದೂ ಮೊದಲಿಗೆ ಎಲ್ಲ ಕೋರ್ಸ್‌ಗಳಿಗೆ ಸಿಗಲಿಲ್ಲ.

ಈಗ ಮೂವರನ್ನು ಕಲ್ಪಿಸಿಕೊಳ್ಳಿ. ಒಬ್ಬರು 2011ರಲ್ಲಿ, ಇನ್ನೊಬ್ಬರು 2014ರಲ್ಲಿ, ಮತ್ತೊಬ್ಬರು 2019ರಲ್ಲಿ ಅದೇ ಕಟ್ಟಡದಲ್ಲಿ, ಅದೇ ಹೆಸರಿನ ಎಂಎ ಕೋರ್ಸ್‌ಗೆ ಸೇರಿದರು. ಅಂಕಪಟ್ಟಿಯ ಮೇಲಿರುವ ಮುದ್ರೆಯೂ ಒಂದೇ. ಆದರೆ ದಾಖಲೆ ಪರಿಶೀಲನೆಯ ಟೇಬಲ್ ಮುಂದೆ ನಿಂತಾಗ ಮಧ್ಯದವರ ಪರಿಸ್ಥಿತಿ ಉಳಿದಿಬ್ಬರಂತಲ್ಲ. ಇಂದು ಕೆಎಸ್‌ಒಯುಗೆ ಮಾನ್ಯತೆ ಇದೆ ಅನ್ನುವ ಸತ್ಯ ಅವರನ್ನು ತಾನಾಗಿಯೇ ರಕ್ಷಿಸುವುದಿಲ್ಲ. ಆಮೇಲೆ ಸಿಕ್ಕ ಮಾನ್ಯತೆ ಹಿಂದಿನ ವರ್ಷಗಳಿಗೂ ಅನ್ವಯ ಎಂದು ಆದೇಶದಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಅದು ಹಿಂದಕ್ಕೆ ಹೋಗುತ್ತದೆ.

ಹಾಗಾಗಿಯೇ "ಗೌರ್ನಮೆಂಟ್ ಯೂನಿವರ್ಸಿಟಿ ಕಣ್ರೀ, ಏನಾಗಲ್ಲ" ಅನ್ನುವ ಮಾತನ್ನು ನಂಬಿ ಫೀಸು ಕಟ್ಟಬಾರದು. ಅದು ಮೊದಲನೇ ಕಾಲಂಗೆ ಮಾತ್ರ ಉತ್ತರ.

ನೇಮಕಾತಿ ಮಾಡುವವರು ಏನನ್ನು ನೋಡುತ್ತಾರೆ?

ಕೇಂದ್ರ ಸರ್ಕಾರದ ಹುದ್ದೆಗಳ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. 2015ರಲ್ಲಿ ಹೊರಟ ಕೇಂದ್ರದ ಅಧಿಸೂಚನೆಯ ಪ್ರಕಾರ, ಕಾನೂನಿನಂತೆ ಸ್ಥಾಪನೆಯಾದ ವಿವಿ ದೂರಶಿಕ್ಷಣದಲ್ಲಿ ಕೊಟ್ಟ ಪದವಿ ಕೇಂದ್ರದ ಉದ್ಯೋಗಕ್ಕೆ ತಾನಾಗಿಯೇ ಮಾನ್ಯ, ಆದರೆ ಅದಕ್ಕೆ ಯುಜಿಸಿ ಒಪ್ಪಿಗೆ ಇರಬೇಕು. ಎಸ್‌ಎಸ್‌ಸಿಯ ಅಧಿಸೂಚನೆಗಳನ್ನು ಓದಿದವರಿಗೆ ಅದರಲ್ಲೊಂದು ಟಿಪ್ಪಣಿ ನೆನಪಿರಬಹುದು. ಅಭ್ಯರ್ಥಿ ಆ ಪದವಿ ಪಡೆದ ಅವಧಿಗೆ ಮಾನ್ಯತೆ ಇಲ್ಲದಿದ್ದರೆ ಅಂಥ ಪದವಿಯನ್ನು ವಿದ್ಯಾರ್ಹತೆಯಾಗಿ ಒಪ್ಪುವುದಿಲ್ಲ ಅಂತ ಅದರ ಅರ್ಥ. ಎಲ್ಲ ಗುಟ್ಟೂ ಆ "ಅವಧಿ" ಅನ್ನುವ ಪದದಲ್ಲಿದೆ.

ರಾಜ್ಯದ ನೇಮಕಾತಿಗಳಲ್ಲಿ ನೀವು ಸಾಮಾನ್ಯವಾಗಿ ನೋಡುವುದು "ಕಾನೂನಿನ ರೀತ್ಯಾ ಸ್ಥಾಪಿತವಾದ ವಿಶ್ವವಿದ್ಯಾಲಯದಿಂದ ಪಡೆದ ಪದವಿ ಅಥವಾ ತತ್ಸಮಾನ ವಿದ್ಯಾರ್ಹತೆ" ಅನ್ನುವ ಸಾಲು. ಇದನ್ನು ಓದಿ ಬಹಳ ಜನ ನಿರಾಳರಾಗುತ್ತಾರೆ. ನಮ್ಮ ವಿವಿ ಕಾನೂನಿನ ರೀತ್ಯಾನೇ ಸ್ಥಾಪನೆಯಾಗಿದೆಯಲ್ಲ, ಮತ್ತೇನು ಅನ್ನಿಸುತ್ತದೆ. ಆದರೆ ಪದವಿ ಯಾವ ನಿಯಮದಡಿ ಕೊಟ್ಟದ್ದು ಅನ್ನುವ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಅಣ್ಣಾಮಲೈ ವಿವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲೇ ಯುಜಿಸಿಯ ನಿಯಮಗಳು ಮುಕ್ತ ವಿವಿ ಪದವಿಗಳಿಗೂ ಅನ್ವಯಿಸುತ್ತವೆ ಎಂದಿತು. ಮೊದಲ ಪದವಿಯೇ ಇಲ್ಲದೆ ಮುಕ್ತ ವಿವಿ ಮೂಲಕ ನೇರವಾಗಿ ಪಡೆದ ಎಂಎ ಸಿಂಧುವಲ್ಲ ಅನ್ನುವ ತೀರ್ಮಾನ ಅದು.

ಇನ್ನೂ ಕಠಿಣವಾದದ್ದು 2017ರ ನವೆಂಬರ್‌ನ ತೀರ್ಪು. ಕೆಲವು ಡೀಮ್ಡ್ ವಿವಿಗಳು ಎಐಸಿಟಿಇ ಒಪ್ಪಿಗೆ ಇಲ್ಲದೆ ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್ ಪದವಿ ಕೊಟ್ಟಿದ್ದವು. ಸುಪ್ರೀಂ ಕೋರ್ಟ್ 2001ರಿಂದ 2005ರವರೆಗೆ ಸೇರಿದವರ ಪದವಿಗಳನ್ನು ಅಮಾನತಿನಲ್ಲಿಟ್ಟು, ಎಐಸಿಟಿಇ ನಡೆಸುವ ಪರೀಕ್ಷೆ ಪಾಸಾಗುವಂತೆ ಹೇಳಿತು. ಆಮೇಲೆ ಸೇರಿದವರ ಪದವಿಗಳು ರದ್ದಾದವು. ಆ ಪದವಿ ತೋರಿಸಿ ಕೆಲಸಕ್ಕೆ ಸೇರಿ, ಬಡ್ತಿಯನ್ನೂ ಪಡೆದವರು ಅದರಲ್ಲಿದ್ದರು. ಅಂದರೆ ಈ ತೊಂದರೆ ಸೇರಿದ ವರ್ಷವೇ ಗೊತ್ತಾಗುತ್ತದೆ ಅಂತಿಲ್ಲ, ಹತ್ತು ಹದಿನೈದು ವರ್ಷ ಬಿಟ್ಟೂ ಬಾಗಿಲು ತಟ್ಟಬಹುದು.

ನೋಡುವುದು ಹೇಗೆ?

ಮೊದಲ ಕೆಲಸ ಐದು ನಿಮಿಷದ್ದು. ಸಂಸ್ಥೆ ನಿಜವಾಗಿಯೂ ವಿವಿ ಹೌದೋ ಅಲ್ಲವೋ ನೋಡಿ. ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಪದವಿ ಕೊಡುವ ಹಕ್ಕು ಇರುವುದು ಕೇಂದ್ರದ ಅಥವಾ ರಾಜ್ಯದ ಕಾಯ್ದೆಯಿಂದ ಆದ ವಿವಿಗಳಿಗೆ, ಡೀಮ್ಡ್ ವಿವಿಗಳಿಗೆ ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಯುಜಿಸಿಯ ವೆಬ್‌ಸೈಟ್ ugc.gov.in ನಲ್ಲಿ ವಿವಿಗಳ ಪಟ್ಟಿಯೂ ಇದೆ, ನಕಲಿ ವಿವಿಗಳ ಪಟ್ಟಿಯೂ ಇದೆ. ಹೆಸರಿನಲ್ಲಿ "ಓಪನ್ ಯೂನಿವರ್ಸಿಟಿ" ಅಂತ ಇದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ. ಗೋಕಾಕದ ವಿಳಾಸ ಕೊಟ್ಟಿದ್ದ, ಹೆಸರಿನಲ್ಲಿ "ವರ್ಲ್ಡ್ ಓಪನ್ ಯೂನಿವರ್ಸಿಟಿ" ಎಂದಿದ್ದ ಸಂಸ್ಥೆಯೊಂದು ವರ್ಷಗಟ್ಟಲೆ ಯುಜಿಸಿಯ ನಕಲಿ ಪಟ್ಟಿಯಲ್ಲಿ ಕರ್ನಾಟಕದ ಪ್ರತಿನಿಧಿಯಾಗಿತ್ತು.

ಎರಡನೆಯದೇ ಮುಖ್ಯವಾದದ್ದು. deb.ugc.ac.in ಗೆ ಹೋಗಿ. ಅಲ್ಲಿ ಯಾವ ವಿವಿಗಳು ಯಾವ ಕೋರ್ಸ್‌ಗಳನ್ನು ನಡೆಸಬಹುದು ಅನ್ನುವುದನ್ನು ವರ್ಷವಾರು, ಸೆಷನ್‌ವಾರು ಕೊಟ್ಟಿರುತ್ತಾರೆ. ಸೆಷನ್‌ಗಳು ಎರಡು: ಜುಲೈ-ಆಗಸ್ಟ್ ಮತ್ತು ಜನವರಿ-ಫೆಬ್ರವರಿ. ನೀವು ಸೇರುವ ಸೆಷನ್ನನ್ನೇ ಆರಿಸಿ. ಕಳೆದ ವರ್ಷದ ಪಟ್ಟಿಯಲ್ಲಿ ಹೆಸರಿದ್ದರೆ ಅದು ಈ ವರ್ಷಕ್ಕೆ ಸಾಕ್ಷಿಯಲ್ಲ. ನಿಯಮ ಮೀರಿದ ವಿವಿಗಳಿಗೆ ಯುಜಿಸಿ ನಡುವೆಯೇ ಪ್ರವೇಶ ನಿಲ್ಲಿಸುವಂತೆ ಹೇಳಿದ ಉದಾಹರಣೆಗಳಿವೆ.

ವಿವಿಯ ಹೆಸರು ಸಿಕ್ಕ ಕೂಡಲೇ ನಿಲ್ಲಬೇಡಿ, ಅದರೊಳಗೆ ಕೋರ್ಸ್‌ನ ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ. ಎಂಬಿಎ ಇದೆ, ಆದರೆ ನಿಮಗೆ ಹೇಳಿದ ಸ್ಪೆಷಲೈಸೇಷನ್ ಪಟ್ಟಿಯಲ್ಲಿಲ್ಲ ಅಂದರೆ ಅದನ್ನು ವಿವಿಗೆ ಬರೆದು ಕೇಳಬೇಕು. ಆಮೇಲೆ ವಿಧಾನ ನೋಡಿ. ಮುಕ್ತ ಮತ್ತು ದೂರಶಿಕ್ಷಣ ಒಂದು, ಆನ್‌ಲೈನ್ ಇನ್ನೊಂದು. 2020ರ ಯುಜಿಸಿ ನಿಯಮಾವಳಿಯಲ್ಲಿ ಎರಡಕ್ಕೂ ಬೇರೆ ಬೇರೆ ಒಪ್ಪಿಗೆ ಬೇಕು. ಒಂದೇ ವಿವಿಗೆ ಆನ್‌ಲೈನ್ ಎಂಕಾಂಗೆ ಒಪ್ಪಿಗೆ ಇದ್ದು, ದೂರಶಿಕ್ಷಣದ ಎಂಕಾಂಗೆ ಇಲ್ಲದಿರಬಹುದು. ನಾಲ್ಕೂ ಹೊಂದಿದ ಮೇಲೆ ಆ ಪುಟವನ್ನು ತಾರೀಕು ಕಾಣುವ ಹಾಗೆ ಪಿಡಿಎಫ್ ಮಾಡಿಟ್ಟುಕೊಳ್ಳಿ. ಐದು ವರ್ಷದ ನಂತರ ಆ ಪುಟ ಅಲ್ಲೇ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಮೂರನೆಯದು ಡಿಇಬಿ ಐಡಿ. 2024ರ ಪ್ರವೇಶಗಳಿಂದ ದೂರಶಿಕ್ಷಣ ಅಥವಾ ಆನ್‌ಲೈನ್ ಕೋರ್ಸ್ ಸೇರುವ ಪ್ರತಿ ಭಾರತೀಯ ವಿದ್ಯಾರ್ಥಿಗೂ ಇದು ಕಡ್ಡಾಯ. ಮೊದಲು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಎಬಿಸಿ ಐಡಿ ಮಾಡಿಕೊಳ್ಳಬೇಕು, ಡಿಜಿಲಾಕರ್ ಮೂಲಕ ಆಗುತ್ತದೆ. ಅದನ್ನು ಬಳಸಿ ಡಿಇಬಿ ಪೋರ್ಟಲ್‌ನಲ್ಲಿ ನಿಮ್ಮ ಐಡಿ ತೆಗೆದುಕೊಳ್ಳಬೇಕು. ಇದನ್ನು ನೀವೇ ಮಾಡಿ, ನಿಮ್ಮ ಮೊಬೈಲ್ ನಂಬರ್‌ನಲ್ಲೇ ಮಾಡಿ. ಸೆಂಟರಿನವರ ಕೈಗೆ ಆಧಾರ್ ಕೊಟ್ಟು ಬರಬೇಡಿ. ಈ ಐಡಿಯಿಂದ ನಿಮಗೊಂದು ಒಳ್ಳೆಯ ಪರೀಕ್ಷೆಯೂ ಸಿಗುತ್ತದೆ. "ಐಡಿಗೀಡಿ ಏನೂ ಬೇಡ, ಮೊದಲು ದುಡ್ಡು ಕಟ್ಟಿ, ಆಮೇಲೆ ನೋಡೋಣ" ಅಂತ ಯಾರಾದರೂ ಅಂದರೆ ಆ ಪ್ರವೇಶ ಯುಜಿಸಿಯ ಲೆಕ್ಕಕ್ಕೆ ಹೋಗುತ್ತಿಲ್ಲ ಅಂತ ತಿಳಿಯಿರಿ. ಹಳೇ ವರ್ಷದ ತಾರೀಕು ಹಾಕಿ ಪ್ರವೇಶ ಕೊಡುತ್ತೇವೆ, ಒಂದೇ ವರ್ಷದಲ್ಲಿ ಡಿಗ್ರಿ ಕೈಗೆ ಕೊಡುತ್ತೇವೆ ಅನ್ನುವವರು ಕೊಡುವುದು ಸುಳ್ಳು ದಾಖಲೆ. ಸಿಕ್ಕಿಬಿದ್ದ ದಿನ ಅದರ ಮೇಲೆ ಇರುವುದು ನಿಮ್ಮ ಹೆಸರು, ಅವರದ್ದಲ್ಲ.

ಒಂದು ಪ್ರಕರಣ ಬಿಡಿಸಿ ನೋಡೋಣ

ಇದು ಕಲ್ಪಿತ ಉದಾಹರಣೆ, ಆದರೆ ನನಗೆ ಬರುವ ಪ್ರಶ್ನೆಗಳೆಲ್ಲ ಸೇರಿದರೆ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಹಾವೇರಿ ಕಡೆಯ ಒಬ್ಬ ಹುಡುಗಿ ಬಿಕಾಂ ಮುಗಿಸಿ ಹುಬ್ಬಳ್ಳಿಯ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಪಿಯು ಕಾಲೇಜಿನ ಉಪನ್ಯಾಸಕಿ ಆಗಬೇಕು ಅನ್ನುವ ಆಸೆ. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಕೋಚಿಂಗ್ ಸೆಂಟರ್ ಬೋರ್ಡ್ ನೋಡಿ ಹೋಗುತ್ತಾಳೆ. ಅಲ್ಲಿಯವರು ಬೇರೆ ರಾಜ್ಯದ ಖಾಸಗಿ ವಿವಿಯೊಂದರ ಹೆಸರು ಹೇಳಿ, "ದೂರಶಿಕ್ಷಣದಲ್ಲಿ ಎಂಕಾಂ ಮಾಡಿ, ಎಕ್ಸಾಂ ಇಲ್ಲೇ, ಯುಜಿಸಿ ಅಪ್ರೂವ್ಡ್" ಅನ್ನುತ್ತಾರೆ. ಯುಜಿಸಿ ಪತ್ರದ ಜೆರಾಕ್ಸ್ ಕೂಡ ತೋರಿಸುತ್ತಾರೆ.

ಮೊದಲು ಆ ಪತ್ರ. ಅದರಲ್ಲಿ ಇರುವುದು ಆ ರಾಜ್ಯದ ಕಾಯ್ದೆಯಿಂದ ವಿವಿ ಸ್ಥಾಪನೆಯಾಗಿದೆ, 22ನೇ ಸೆಕ್ಷನ್‌ನಂತೆ ಪದವಿ ಕೊಡಬಹುದು ಅನ್ನುವ ಮಾತು. ಇದು ನಿಜವಾದ ಪತ್ರವೇ. ಆದರೆ ಉತ್ತರ ಕೊಡುವುದು ಮೊದಲ ಕಾಲಂಗೆ ಮಾತ್ರ, ದೂರಶಿಕ್ಷಣದ ಬಗ್ಗೆ ಅದು ಮಾತೇ ಆಡುವುದಿಲ್ಲ. ಸೆಂಟರಿನವರು ಸುಳ್ಳು ದಾಖಲೆ ತೋರಿಸಿಲ್ಲ, ಬೇರೆ ಪ್ರಶ್ನೆಯ ಉತ್ತರ ತೋರಿಸಿದ್ದಾರೆ. ಈ ಆಟಕ್ಕೇ ಹೆಚ್ಚು ಜನ ಬೀಳುವುದು.

ಆಕೆ ಡಿಇಬಿ ಪೋರ್ಟಲ್ ತೆರೆಯುತ್ತಾಳೆ. ಈ ಸೆಷನ್‌ಗೆ ಆ ವಿವಿ ಪಟ್ಟಿಯಲ್ಲಿದೆ, ಎಂಕಾಂ ಕೂಡ ಇದೆ. ಆದರೆ ಇರುವುದು ಆನ್‌ಲೈನ್ ವಿಧಾನದಲ್ಲಿ, ದೂರಶಿಕ್ಷಣದ ಪಟ್ಟಿಯಲ್ಲಿ ಅಲ್ಲ. ಹಾಗಿದ್ದರೆ ಹುಬ್ಬಳ್ಳಿಯ ಸೆಂಟರ್ ಏನು? ದೂರಶಿಕ್ಷಣದಲ್ಲಿ ವಿವಿಯೊಂದು ಕಲಿಕಾರ್ಥಿ ಸಹಾಯ ಕೇಂದ್ರ ತೆರೆಯಬಹುದು, ಆದರೆ ತನ್ನ ಭೌಗೋಳಿಕ ವ್ಯಾಪ್ತಿಯೊಳಗೆ ಮಾತ್ರ. ಬೇರೆ ರಾಜ್ಯದ ಖಾಸಗಿ ವಿವಿಗೆ ಹುಬ್ಬಳ್ಳಿ ಆ ವ್ಯಾಪ್ತಿಯಲ್ಲ. ಫ್ರಾಂಚೈಸಿ ಕೊಡುವುದನ್ನಂತೂ ನಿಯಮವೇ ನಿಷೇಧಿಸಿದೆ. ಆನ್‌ಲೈನ್ ಕೋರ್ಸ್‌ಗೆ ಗಡಿಯ ತಕರಾರಿಲ್ಲ, ಎಲ್ಲಿಂದ ಬೇಕಾದರೂ ಸೇರಬಹುದು, ಆದರೆ ಅದಕ್ಕೆ ಬಸ್ ಸ್ಟ್ಯಾಂಡ್ ಹತ್ತಿರದ ಸೆಂಟರೇ ಬೇಕಿಲ್ಲ. ಕೆಎಸ್‌ಒಯು ಎಡವಿದ್ದು ಇದೇ ಗಡಿ ಮತ್ತು ಖಾಸಗಿ ಪಾಲುದಾರಿಕೆಯ ವಿಷಯದಲ್ಲಿ ಅನ್ನುವುದನ್ನು ನೆನಪಿಡಿ.

ಅಂದರೆ ಆಕೆಯ ಮುಂದೆ ಸರಿಯಾದ ದಾರಿಗಳು ಎರಡು. ಆ ವಿವಿಯ ವೆಬ್‌ಸೈಟ್‌ನಲ್ಲೇ ನೇರವಾಗಿ ಆನ್‌ಲೈನ್ ಎಂಕಾಂಗೆ ಸೇರುವುದು ಒಂದು. ಇಲ್ಲವೇ ಕೆಎಸ್‌ಒಯು ಅಥವಾ ಇಗ್ನೋದಲ್ಲಿ ಎಂಕಾಂ ಈ ಸೆಷನ್‌ನ ಪಟ್ಟಿಯಲ್ಲಿದೆಯಾ ನೋಡಿ ಅಲ್ಲಿ ಸೇರುವುದು. ಯಾವುದೇ ಆದರೂ ಫೀಸು ವಿವಿಯ ಖಾತೆಗೇ ಹೋಗಬೇಕು, ರಸೀದಿ ವಿವಿಯ ಹೆಸರಿನಲ್ಲೇ ಇರಬೇಕು. ಸೆಂಟರ್ ಮಾಲೀಕರ ಫೋನ್‌ಪೇಗೆ ಹಾಕಿದ ದುಡ್ಡಿಗೆ ವಿವಿ ಹೊಣೆಯಲ್ಲ.

ಇಲ್ಲಿಗೆ ಮಾನ್ಯತೆಯ ಪ್ರಶ್ನೆ ಮುಗಿಯಿತು. ಆದರೆ ಆಕೆಯ ಗುರಿ ಎಂಕಾಂ ಅಲ್ಲ, ಪಿಯು ಉಪನ್ಯಾಸಕಿಯ ಕೆಲಸ. ಆ ನೇಮಕಾತಿಯಲ್ಲಿ ಸ್ನಾತಕೋತ್ತರ ಪದವಿಯ ಜೊತೆ ಬಿ.ಎಡ್ ಕೂಡ ಕೇಳುತ್ತಾರೆ. ಸರಿ, ಅದನ್ನೂ ದೂರಶಿಕ್ಷಣದಲ್ಲೇ ಮಾಡೋಣ ಅಂದುಕೊಂಡರೆ ಅಲ್ಲೊಂದು ಗೋಡೆ ಇದೆ. ಬಿ.ಎಡ್‌ಗೆ ಯುಜಿಸಿ ಒಪ್ಪಿಗೆ ಸಾಲದು, ಎನ್‌ಸಿಟಿಇ ನಿಯಮವೂ ಬೇಕು. ದೂರಶಿಕ್ಷಣದ ಬಿ.ಎಡ್ ಇರುವುದು ಮುಖ್ಯವಾಗಿ ಈಗಾಗಲೇ ತರಬೇತಿ ಪಡೆದು ಶಾಲೆಯಲ್ಲಿ ಪಾಠ ಮಾಡುತ್ತಿರುವ ಶಿಕ್ಷಕರಿಗೆ, ಅಥವಾ ಎನ್‌ಸಿಟಿಇ ಒಪ್ಪಿದ ಶಿಕ್ಷಕ ತರಬೇತಿಯನ್ನು ಕಾಲೇಜಿಗೆ ಹೋಗಿ ಮುಗಿಸಿದವರಿಗೆ. ಆಡಿಟರ್ ಆಫೀಸಿನಲ್ಲಿರುವ ಎಂಕಾಂ ಪದವೀಧರೆಗೆ ಆ ಬಾಗಿಲು ಇಲ್ಲ. ಆಕೆ ಕೆಲಸ ಬಿಟ್ಟು ಎರಡು ವರ್ಷ ರೆಗ್ಯುಲರ್ ಬಿ.ಎಡ್ ಮಾಡಬೇಕಾಗುತ್ತದೆ. ಇದು ಎಂಕಾಂಗೆ ಸೇರುವ ಮೊದಲೇ ಗೊತ್ತಾದರೆ ಆಕೆ ಬೇರೆ ಲೆಕ್ಕ ಹಾಕಬಹುದು. ಕೆ-ಸೆಟ್ ಅಥವಾ ನೆಟ್ ಬರೆದು ಪದವಿ ಕಾಲೇಜಿನ ಕಡೆ ನೋಡಬಹುದು, ಅಲ್ಲಿ ಬಿ.ಎಡ್ ಕೇಳುವುದಿಲ್ಲ. ಎಂಕಾಂ ಮುಗಿದ ಮೇಲೆ ಗೊತ್ತಾದರೆ ಎರಡು ವರ್ಷದ ಪ್ಲಾನ್ ತಲೆಕೆಳಗು.

ಹಾಗಾಗಿ ನಾನು ಹೇಳುವ ಕ್ರಮ ಇದು: ನಿಮಗೆ ಬೇಕಾದ ಹುದ್ದೆ ಅಥವಾ ಕೋರ್ಸ್‌ನ ಇತ್ತೀಚಿನ ಅಧಿಸೂಚನೆಯನ್ನು ಮೊದಲು ಓದಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಅದರ ವಿದ್ಯಾರ್ಹತೆಯ ಕಾಲಂನಲ್ಲಿ ಎಷ್ಟು ಪರ್ಸೆಂಟ್, ಯಾವ ವಿಷಯ, ಯಾವ ಮಂಡಳಿಯ ಮಾನ್ಯತೆ ಕೇಳಿದ್ದಾರೆ ಅಂತ ನೋಡಿ, ಆಮೇಲೆ ವಿವಿ ಹುಡುಕಿ.

ಕೆಲವು ಕೋರ್ಸ್‌ಗಳಿಗೆ ಬಾಗಿಲೇ ಇಲ್ಲ

ಎಂಜಿನಿಯರಿಂಗ್, ವೈದ್ಯಕೀಯ, ದಂತವೈದ್ಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಆರ್ಕಿಟೆಕ್ಚರ್‌ನಂಥ ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡುವಂತಿಲ್ಲ. 2025ರಲ್ಲಿ ಈ ಪಟ್ಟಿ ಇನ್ನಷ್ಟು ಬೆಳೆಯಿತು. ಆರೋಗ್ಯ ಸೇವೆಗೆ ಸಂಬಂಧಿಸಿದ ವೃತ್ತಿಗಳ ಕಾಯ್ದೆಯಡಿ ಬರುವ ವಿಷಯಗಳನ್ನು, ಅದರಲ್ಲಿ ಮನಶ್ಶಾಸ್ತ್ರವೂ ಸೇರಿ, ಆ ವರ್ಷದ ಜುಲೈ-ಆಗಸ್ಟ್ ಸೆಷನ್‌ನಿಂದ ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಹೊಸದಾಗಿ ಸೇರಿಸಿಕೊಳ್ಳಬಾರದು ಎಂದು ಯುಜಿಸಿ ಹೇಳಿತು. ಎಂಎ ಸೈಕಾಲಜಿಯನ್ನು ದೂರಶಿಕ್ಷಣದಲ್ಲಿ ಮಾಡಿದ ಅಣ್ಣನೋ ಅಕ್ಕನೋ ನಿಮ್ಮ ಮನೆಯಲ್ಲೇ ಇರಬಹುದು, ಅವರ ಪದವಿ ಸರಿಯಾಗಿಯೇ ಇರಬಹುದು. ಆದರೆ ಅವರದ್ದು ಬೇರೆ ಸೆಷನ್, ನಿಮ್ಮದು ಬೇರೆ.

ಎಲ್‌ಎಲ್‌ಬಿ ಕನಸಿದ್ದವರು ಇನ್ನೊಂದು ನೋಡಬೇಕು. ಮುಕ್ತ ವಿವಿಯಿಂದ ಪಡೆದ ಬಿಎ ಇದ್ದರೆ ಕಾನೂನು ಓದಲು ಅಡ್ಡಿಯಿಲ್ಲ. ಆದರೆ ಪಿಯುಸಿ ಇಲ್ಲದೆ ನೇರವಾಗಿ ಮುಕ್ತ ವಿವಿಯಲ್ಲಿ ಪದವಿ ಮಾಡಿದವರಿಗೆ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮ ಪ್ರವೇಶ ಕೊಡುವುದಿಲ್ಲ. ಪದವಿ ಎಷ್ಟೇ ಸರಿಯಿದ್ದರೂ ಅದರ ಕೆಳಗಿನ ಮೆಟ್ಟಿಲನ್ನು ಅವರು ಕೇಳುತ್ತಾರೆ.

ಈಗಾಗಲೇ ಸೇರಿದ್ದರೆ, ಮುಗಿಸಿದ್ದರೆ?

ಸೇರಿದ ಸೆಷನ್ ಯಾವುದು ಅನ್ನುವುದರಿಂದ ಶುರು ಮಾಡಿ, ಪಾಸಾದ ವರ್ಷದಿಂದ ಅಲ್ಲ. ಪ್ರವೇಶದ ರಸೀದಿ, ನೋಂದಣಿ ಸಂಖ್ಯೆಯ ಪತ್ರ, ಗುರುತಿನ ಚೀಟಿ ಇವು ಅಂಕಪಟ್ಟಿಯಷ್ಟೇ ಮುಖ್ಯ. ಈಗಿನ ನಿಯಮದ ಪ್ರಕಾರ ಪದವಿ ಪ್ರಮಾಣಪತ್ರ ಮತ್ತು ಅಂಕಪಟ್ಟಿಯ ಹಿಂಬದಿಯಲ್ಲಿ ವಿಧಾನ, ಪ್ರವೇಶದ ದಿನಾಂಕ, ಮುಗಿಸಿದ ದಿನಾಂಕ, ಸಹಾಯ ಕೇಂದ್ರ ಮತ್ತು ಪರೀಕ್ಷಾ ಕೇಂದ್ರದ ವಿವರ ಇರಬೇಕು. ಪರಿಶೀಲಕರು ಪುಟ ತಿರುಗಿಸಿ ನೋಡುವುದು ಅದನ್ನೇ. ನಿಮ್ಮದನ್ನು ಈಗಲೇ ತಿರುಗಿಸಿ ನೋಡಿ. ಪರೀಕ್ಷಾ ಕೇಂದ್ರದ ಜಾಗದಲ್ಲಿ ನೀವು ಕಾಲಿಡದ ಊರಿನ ಹೆಸರಿದ್ದರೆ ಆ ಸೆಂಟರ್ ನಿಮಗೆ ಹೇಳಿದ್ದೊಂದು, ವಿವಿಗೆ ತೋರಿಸಿದ್ದೊಂದು.

ಅನುಮಾನ ಇದ್ದರೆ ಯುಜಿಸಿಗೆ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ. ಕೇಂದ್ರದ rtionline.gov.in ನಲ್ಲಿ ಹಾಕಬಹುದು, ಶುಲ್ಕ 10 ರೂಪಾಯಿ. ಪ್ರಶ್ನೆ "ಈ ವಿವಿ ಮಾನ್ಯವೇ" ಅಂತ ಇರಬಾರದು. "ಈ ವಿವಿಯ ಈ ಹೆಸರಿನ ಕೋರ್ಸ್‌ಗೆ, ದೂರಶಿಕ್ಷಣ ವಿಧಾನದಲ್ಲಿ, ಈ ಶೈಕ್ಷಣಿಕ ಸಾಲಿನ ಈ ಸೆಷನ್‌ನ ಪ್ರವೇಶಕ್ಕೆ ಆಯೋಗದ ಮಾನ್ಯತೆ ಇತ್ತೇ? ಇದ್ದರೆ ಆ ಆದೇಶದ ಪ್ರತಿ ಕೊಡಿ" ಅಂತ ಇರಬೇಕು. ಉತ್ತರಕ್ಕೆ 30 ದಿನ ಗಡುವು. ಸಿಕ್ಕ ಪತ್ರ ಮುಂದೆ ಯಾವ ದಾಖಲೆ ಪರಿಶೀಲನೆಯಲ್ಲೂ ಕೈಯಲ್ಲಿರುತ್ತದೆ. ವಿವಿಯವರು ಫೋನ್‌ನಲ್ಲಿ ಕೊಟ್ಟ ಭರವಸೆಗೆ ಅಷ್ಟು ತೂಕ ಇಲ್ಲ.

ಇದಕ್ಕೆ ತದ್ವಿರುದ್ಧ ಸಮಸ್ಯೆಯೂ ಇದೆ. ಎಲ್ಲವೂ ಸರಿಯಿದ್ದ ಪದವಿಯನ್ನೂ "ಕರೆಸ್ಪಾಂಡೆನ್ಸ್ ನಮಗೆ ಬೇಡ" ಅಂತ ತಳ್ಳಿಹಾಕುವವರಿದ್ದಾರೆ. ಅಂಥಲ್ಲಿ ತಗ್ಗಬೇಕಿಲ್ಲ. 2020ರ ನಿಯಮಾವಳಿಯ 22ನೇ ನಿಯಮ, ಮಾನ್ಯತೆ ಪಡೆದ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ರೆಗ್ಯುಲರ್ ಪದವಿಗೆ ಸಮಾನ ಅನ್ನುತ್ತದೆ. ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಇದನ್ನು ಮತ್ತೆ ಸ್ಪಷ್ಟಪಡಿಸಿದೆ. ಆ ಪ್ರಕಟಣೆಯ ಪ್ರತಿಯನ್ನು ಇಟ್ಟು ಲಿಖಿತ ಉತ್ತರ ಕೇಳಿ. ಖಾಸಗಿ ಕಂಪನಿ ತನ್ನಿಷ್ಟದಂತೆ ಆರಿಸಿಕೊಳ್ಳಬಹುದು. ಆದರೆ ಸರ್ಕಾರಿ ನೇಮಕಾತಿಯಲ್ಲಿ ಅಥವಾ ವಿವಿಯ ಪ್ರವೇಶದಲ್ಲಿ ಕಾರಣ ಬರೆದುಕೊಡದೆ ತಿರಸ್ಕರಿಸಿದರೆ ಅದನ್ನು ಪ್ರಶ್ನಿಸಲು ನಿಮಗೆ ಆಧಾರ ಇದೆ.

ಪರಿಶೀಲನೆಯ ಭಾರ ಯಾರ ಮೇಲೆ?

ಇಷ್ಟನ್ನೆಲ್ಲ ಬರೆಯುವಾಗ ನನಗೊಂದು ಅಸಮಾಧಾನ ಉಳಿದೇ ಇದೆ. ಡಿಗ್ರಿ ಕೊಡುವುದು ವಿವಿ, ಒಪ್ಪಿಗೆ ಕೊಡುವುದು ಯುಜಿಸಿ, ವಿವಿಯ ಕಾಯ್ದೆ ಮಾಡಿದ್ದು ಸರ್ಕಾರ. ಆದರೆ ಈ ಮೂವರ ನಡುವೆ ತಪ್ಪಾದಾಗ ವರ್ಷ ಕಳೆದುಕೊಳ್ಳುವುದು ವಿದ್ಯಾರ್ಥಿ. ಕೆಎಸ್‌ಒಯು ಪ್ರಕರಣದಲ್ಲಿ ಎರಡು ಬ್ಯಾಚ್ ಸೇರಿದ ಮೇಲೆ ಪ್ರಕಟಣೆ ಬಂದದ್ದು ಇದಕ್ಕೆ ಸಾಕ್ಷಿ. ದೂರಶಿಕ್ಷಣಕ್ಕೆ ಬರುವವರಲ್ಲಿ ಕೆಲಸ ಮಾಡುವವರು, ಮದುವೆಯ ನಂತರ ಓದು ಮುಂದುವರಿಸುವ ಹೆಣ್ಣುಮಕ್ಕಳು, ಮನೆಯಲ್ಲಿ ಮೊದಲ ಬಾರಿ ಕಾಲೇಜು ಕಂಡವರು ಹೆಚ್ಚು. ಗೆಜೆಟ್ ಓದಿ ಅರ್ಥಮಾಡಿಕೊಳ್ಳುವ ಕೆಲಸವನ್ನು ವ್ಯವಸ್ಥೆ ಹಾಕುತ್ತಿರುವುದು ಇವರ ತಲೆಯ ಮೇಲೆ.

ಡಿಇಬಿ ಐಡಿ ಬಂದಿರುವುದು ಸುಧಾರಣೆ, ಯಾಕೆಂದರೆ ಮಾನ್ಯತೆ ಇಲ್ಲದ ಪ್ರವೇಶವನ್ನು ಅದು ಮೊದಲ ದಿನವೇ ಬಯಲಿಗೆ ತರಬಲ್ಲದು. ಆದರೆ ರಾಜ್ಯ ಸರ್ಕಾರ ಮಾಡಬಹುದಾದ ಒಂದು ಸಣ್ಣ ಕೆಲಸ ಇನ್ನೂ ಬಾಕಿ ಇದೆ. ಪ್ರತಿ ಸೆಷನ್ ಶುರುವಾಗುವಾಗ ಡಿಇಬಿ ಪಟ್ಟಿಯನ್ನು ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ, ಎಲ್ಲ ಪದವಿ ಕಾಲೇಜು ಮತ್ತು ತಾಲ್ಲೂಕು ಗ್ರಂಥಾಲಯಗಳ ನೋಟಿಸ್ ಬೋರ್ಡ್‌ಗೆ ಹಾಕಿಸುವುದು. ಬಸ್ ಸ್ಟ್ಯಾಂಡ್ ಪಕ್ಕದ ಸೆಂಟರ್‌ನ ಬೋರ್ಡ್‌ಗೆ ಎದುರಾಗಿ ಅಷ್ಟಾದರೂ ಇರಬೇಕು. ಅದು ಬರುವವರೆಗೆ ಆ ಹಾಳೆಯನ್ನು ನಾವೇ ಮಾಡಿಕೊಳ್ಳಬೇಕು. ನಾಲ್ಕು ಕಾಲಂ ಎಳೆಯಿರಿ: ವಿವಿ, ಕೋರ್ಸ್, ವಿಧಾನ, ಸೆಷನ್. ನಾಲ್ಕನ್ನೂ ಯುಜಿಸಿಯ ಪುಟದಿಂದಲೇ ತುಂಬಿ. ಒಂದು ಖಾಲಿ ಉಳಿದರೂ ಆ ಸೆಷನ್ ಬಿಟ್ಟುಬಿಡಿ, ಮುಂದಿನ ಸೆಷನ್ ಆರು ತಿಂಗಳಲ್ಲಿ ಬರುತ್ತದೆ.